ಆರು ಅಂದರು, ಏಳು ಅನ್ನಲಿಲ್ಲ

ಶ್ಲೇಷಾಲಂಕಾರದ ಪಾಠ ಮಾಡಿದ ದಿನ ನನ್ನ ತರಗತಿಯಲ್ಲಿ ಯಾರೂ ನಗುವುದಿಲ್ಲ. ಬೇರೆ ದಿನ ನಗುತ್ತಾರೆ. ನನ್ನ ಪ್ಯಾಂಟಿನ ತುದಿಗೆ ರಕ್ತ ಹೀರುವ ಇಂಬಳ ಹತ್ತಿದ್ದರೆ ನಗುತ್ತಾರೆ, ಸೀಮೆಸುಣ್ಣ ಮುರಿದರೆ ನಗುತ್ತಾರೆ, ಸುಮ್ಮನೆ ನಿಂತರೂ ಹಿಂದಿನ ಬೆಂಚಿನವರು ನಗುತ್ತಾರೆ. ಆದರೆ ‘ಒಂದೇ ಶಬ್ದ ಒಂದಕ್ಕಿಂತ ಹೆಚ್ಚು ಅರ್ಥ ಕೊಡುವಂತೆ ಪ್ರಯೋಗವಾದರೆ ಅದು ಶ್ಲೇಷೆ’ ಎಂದು ಬೋರ್ಡಿನ ಮೇಲೆ ಬರೆದು, ಕೆಳಗೆ ಗೆರೆ ಎಳೆದು, ‘ಇದರಲ್ಲಿ ಸ್ವಾರಸ್ಯ ಏನೆಂದರೆ’ ಎಂದು ತಿರುಗುವಷ್ಟರಲ್ಲಿ ಎಲ್ಲರ ಮುಖವೂ ಗಂಭೀರವಾಗಿಬಿಟ್ಟಿರುತ್ತದೆ. ನಗೆಯ ವಿಷಯವನ್ನು ನಗು ಬಾರದ ಹಾಗೆ ಹೇಳುವುದೂ ಒಂದು ವಿದ್ಯೆ. ಅದು ನನಗೆ ಒಲಿದಿದೆ.

ಈಚೆಗೆ ಆ ಪಾಠ ಮಾಡುವಾಗ ನನಗೂ ನಗು ಬರುವುದಿಲ್ಲ. ಅದಕ್ಕೆ ಕಾರಣ ಮೂಡಿಗೆರೆಯ ಪಾತ್ರೆ ಅಂಗಡಿಯ ರುದ್ರಣ್ಣ.

ಕಾಫಿಗೆ ಒಳ್ಳೆಯ ರೇಟು ಬಂದಿದ್ದ ತೊಂಬತ್ತರ ದಶಕದ ಮಾತು ಇದು. ತೋಟದವರೆಲ್ಲ ಹಿತ್ತಾಳೆ ಬಿಟ್ಟು ಸ್ಟೀಲಿಗೆ, ಸ್ಟೀಲು ಬಿಟ್ಟು ದಪ್ಪ ಸ್ಟೀಲಿಗೆ ಹತ್ತುತ್ತಿದ್ದ ಕಾಲ. ಪೇಟೆಯಲ್ಲಿ ರುದ್ರಣ್ಣನ ಅಂಗಡಿ ಫಳಫಳ ಎನ್ನುತ್ತಿತ್ತು. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿ ಹೋಗಿ ಮೂಲೆಯ ಸ್ಟೂಲಿನ ಮೇಲೆ ಕೂರುವುದು ರೂಢಿ. ಕೊಳ್ಳುವುದಕ್ಕೆ ಏನೂ ಇರುತ್ತಿರಲಿಲ್ಲ. ಅಲ್ಲಿ ಮಾತು ಸಿಗುತ್ತಿತ್ತು. ನಾನು ಶ್ಲೇಷೆಯ ಪಾಠ ಮಾಡುವವನು, ರುದ್ರಣ್ಣ ಶ್ಲೇಷೆ ಮಾಡುವವನು. ಇಬ್ಬರೂ ಸೇರಿದರೆ ಅಂಗಡಿಗೆ ಬಂದ ಗಿರಾಕಿಗಳು ಸ್ವಲ್ಪ ಹೊತ್ತು ಕಾಯಬೇಕಾಗುತ್ತಿತ್ತು.

ಮದುವೆ, ಗೃಹಪ್ರವೇಶಗಳಿಗೆ ಪಾತ್ರೆ ಕೊಳ್ಳುವವರು ಅದರ ಮೇಲೆ ಹೆಸರು ಕೊರೆಸುತ್ತಾರಲ್ಲ, ಅದಕ್ಕೆ ರುದ್ರಣ್ಣನ ಬಳಿ ಗುರ್ರ್ ಎನ್ನುವ ಒಂದು ಕರೆಂಟಿನ ಪೆನ್ನು ಇತ್ತು. ಹೊಸಬರು ಯಾರಾದರೂ “ಇದಕ್ಕೆ ಹೆಸರು ಹಾಕಿ ಕೊಡಿ” ಅಂದರೆ ಸಾಕು, “ಹೆಸರು ನಾನು ಹಾಕ್ತೀನಿ, ನೀರು ಹಾಕಿ ಬೇಯಿಸ್ಕೊಳ್ಳೋದು ನೀವು” ಅನ್ನುತ್ತಿದ್ದರು. ಹೆಸರು ಎಂದರೆ ನಾಮಧೇಯವೂ ಹೌದು, ಬೇಳೆ ಕಾಳೂ ಹೌದು. ಗಣಪತಿ ಇಡುವ ಹುಡುಗರು ವಂತಿಗೆ ಕೇಳಲು ಬಂದರೆ, “ಬೋರ್ಡು ಓದಿಲ್ವೇನ್ರಪ್ಪಾ? ಇದು ಕೊಡದ ಅಂಗಡಿ” ಎಂದು ತೂಗುಹಾಕಿದ ತಾಮ್ರದ ಕೊಡಗಳ ಕಡೆ ಕೈ ತೋರಿಸುತ್ತಿದ್ದರು. ಕೊಡ ಎಂಬ ಪದಕ್ಕೆ ‘ದ’ ಸೇರಿಸಿದರೆ ಬಿಂದಿಗೆಯ ಅಂಗಡಿ. ಕೊಡು ಎಂಬ ಧಾತುವಿಗೆ ‘ಅದ’ ಸೇರಿಸಿದರೆ ಏನನ್ನೂ ಕೊಡದೇ ಇರುವ ಅಂಗಡಿ. ಹೀಗೆ ಪದವನ್ನು ಬೇರೆ ಬೇರೆ ಜಾಗದಲ್ಲಿ ಮುರಿದು ಬೇರೆ ಬೇರೆ ಅರ್ಥ ತೆಗೆಯುವುದಕ್ಕೆ ಸಭಂಗ ಶ್ಲೇಷೆ ಎಂದು ಹೆಸರು. ಮುರಿಯದೇ ಇಡಿಯಾಗಿ ಎರಡು ಅರ್ಥ ಕೊಟ್ಟರೆ ಅಭಂಗ. ಹುಡುಗರಿಗೆ ಎರಡೂ ಬೇಡವಾಗಿತ್ತು. ಅವರು ವಂತಿಗೆ ಪಡೆದೇ ಹೋಗುತ್ತಿದ್ದರು.

ರುದ್ರಣ್ಣನಿಗೆ ಅವರದೇ ಕಟ್ಟುನಿಟ್ಟುಗಳಿದ್ದವು. ‘ಬೆಲೆ’ಗೂ ‘ಬೆಳೆ’ಗೂ, ‘ಕೊಲೆ’ಗೂ ‘ಕೊಳೆ’ಗೂ ಗಂಟು ಹಾಕಿ ನಗಿಸಲು ಹೋದರೆ ಒಪ್ಪುತ್ತಿರಲಿಲ್ಲ. ಲ ಬೇರೆ, ಳ ಬೇರೆ. “ಅದು ಸ್ಟೀಲಲ್ಲ ಮೇಷ್ಟ್ರೇ, ಹಿಂಡಾಲಿಯಂ. ಬಡಿದ್ರೆ ಸದ್ದಲ್ಲೇ ಗೊತ್ತಾಗ್ತದೆ” ಎನ್ನುವರು. ಒಂದೇ ಪದವನ್ನು ಎರಡು ಸಲ ಹೇಳಿ ಎರಡು ಅರ್ಥ ತೆಗೆಯುವುದೂ ಅವರ ಲೆಕ್ಕದಲ್ಲಿ ಅರ್ಧ ಕೆಲಸ. ನಾನೊಮ್ಮೆ ಬಹಳ ಹೆಮ್ಮೆಯಿಂದ, “ತೋಟಕ್ಕೆ ಕಳೆ ಬಂದರೆ ಮಾಲೀಕರ ಮುಖದ ಕಳೆ ಹೋಗುತ್ತದೆ” ಎಂದೆ. ಕಳೆ ಎಂದರೆ ಕಿತ್ತೆಸೆಯುವ ಹುಲ್ಲು, ಮುಖದ ಕಾಂತಿ ಕೂಡ. ರುದ್ರಣ್ಣ ಲೋಟ ಒರೆಸುತ್ತ, “ಎರಡು ಸಲ ಹೇಳಿದ್ರಲ್ಲ. ಒಂದು ಸಲ ಹೇಳ್ಬೇಕು, ಎರಡು ಸಲ ಕೇಳಿಸ್ಬೇಕು” ಎಂದರು. ಅಲಂಕಾರಶಾಸ್ತ್ರವೂ ಅದನ್ನೇ ಹೇಳುತ್ತದೆ. ನಾನು ಮಾಡಿದ್ದು ಯಮಕದ ಜಾತಿ. ಪುಸ್ತಕದಲ್ಲಿ ನಾನೇ ಗೆರೆ ಹಾಕಿಟ್ಟ ವಿಷಯ, ಬಾಯಿಗೆ ಬರುವಾಗ ಮರೆತಿತ್ತು.

ನಂತರ ಇಬ್ಬರೂ ಕೂತು ಅದನ್ನು ಸರಿಮಾಡಿದೆವು. ದೇವರಮನೆ ಕಡೆಯ ಒಂದು ದೊಡ್ಡ ತೋಟದ ಮ್ಯಾನೇಜರು ಬೇರೆ ಕಡೆಗೆ ಹೊರಟಿದ್ದರು. ಅವರ ಬೀಳ್ಕೊಡುಗೆಯಲ್ಲಿ ನಾನು ಮಾತಾಡಬೇಕಿತ್ತು. ಆ ಮನುಷ್ಯ ಜೀಪಿನಿಂದ ಇಳಿದು ತೋಟ ನೋಡಿದವರಲ್ಲ. ಕಾಫಿ ಗಿಡ ಯಾವುದು, ಹುಲ್ಲು ಯಾವುದು ತಿಳಿಯದ ಹಾಗೆ ಬೆಳೆದಿತ್ತು. ವೇದಿಕೆಯ ಮೇಲೆ ನಾನು, “ಸಾಹೇಬರು ಬಂದ ಮೇಲೆ ಈ ತೋಟಕ್ಕೆ ಒಳ್ಳೆಯ ಕಳೆ ಬಂತು” ಎಂದೆ. ಸಾಹೇಬರು ಕೈ ಜೋಡಿಸಿದರು. ಹಿಂದೆ ಕೂತಿದ್ದ ಹೆಣ್ಣಾಳುಗಳು ಸೆರಗು ಬಾಯಿಗೆ ಒತ್ತಿಕೊಂಡರು. ಕಳೆ ತೆಗೆದು ಸೊಂಟ ಬಿದ್ದದ್ದು ಅವರದ್ದಲ್ಲವೇ. ನನ್ನ ಜೀವಮಾನದಲ್ಲಿ ಶ್ಲೇಷೆ ಮಾಡಿ ನಗು ಬಂದದ್ದು ಅದೊಂದೇ ಸಲ, ಅದರಲ್ಲೂ ಅರ್ಧ ಪಾಲು ರುದ್ರಣ್ಣನದು.

ಎಲ್ಲ ಪದಗಳೂ ಹೀಗೆ ಬಗ್ಗುವುದಿಲ್ಲ. ‘ಕಸಿ’ ಎಂಬ ಪದದ ಮೇಲೆ ನಾವು ಒಂದು ಮಧ್ಯಾಹ್ನ ಪೂರ್ತಿ ಹಾಳುಮಾಡಿದೆವು. ಗಿಡಕ್ಕೆ ಕಸಿ ಕಟ್ಟುವುದೂ ಕಸಿ, ಇನ್ನೊಬ್ಬರದನ್ನು ಕಿತ್ತುಕೊಳ್ಳುವುದೂ ಕಸಿ. ಪಕ್ಕದವರ ಜಮೀನಿನ ಬೇಲಿ ಸರಿಸುತ್ತಿದ್ದ ಒಬ್ಬ ಮಹನೀಯರಿಗೆ ಇದು ಹೇಳಿಮಾಡಿಸಿದ ಹಾಗಿತ್ತು. ಆದರೆ ‘ಕಸಿ ಮಾಡಿದರು’ ಎಂದರೆ ಬರೀ ಗಿಡ, ‘ಕಸಿದರು’ ಎಂದರೆ ಬರೀ ಜಮೀನು. ಒಂದು ನಾಮಪದ, ಇನ್ನೊಂದು ಕ್ರಿಯಾಪದ. ಪ್ರತ್ಯಯ ಹತ್ತಿದ ಕೂಡಲೇ ಎರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಎರಡೂ ಕ್ರಿಯಾಪದವಾಗಿದ್ದರೆ ಈ ತಾಪತ್ರಯವಿಲ್ಲ. ‘ನೆನೆ’ ನೋಡಿ. ಮಳೆಯಲ್ಲಿ ನೆನೆಯುವುದು, ಮನಸ್ಸಿನಲ್ಲಿ ನೆನೆಯುವುದು. ನೆನೆದ, ನೆನೆಯುವ, ನೆನೆಯದ, ಎಲ್ಲಿಗೆ ಹೋದರೂ ಜೊತೆಯಲ್ಲೇ ಹೋಗುತ್ತವೆ. “ಮೂಡಿಗೆರೆಗೆ ಬಂದವ್ರು ನೆನೀದೆ ಇರೋಕಾಗಲ್ಲ” ಎಂದು ರುದ್ರಣ್ಣ ಊರಿಗೆ ಬಂದ ಪ್ರತಿ ನೆಂಟರಿಗೂ ಹೇಳಿ, ನಮ್ಮ ಆಷಾಢಕ್ಕೆ ಒಂದು ಮರ್ಯಾದೆ ತಂದುಕೊಟ್ಟಿದ್ದರು.

ನಾಮಪದ ಮತ್ತು ಕ್ರಿಯಾಪದ ಸೇರುವ ಇನ್ನೊಂದು ಜಾಗವಿದೆ. ಕನ್ನಡದ ಧಾತು ಬರಿಮೈಯಲ್ಲಿ ನಿಂತರೆ ಅದೇ ಆಜ್ಞೆ. ಹಾಡು ಎಂದರೆ ಪದ್ಯ, ಹಾಡು ಎಂದರೆ ‘ನೀನು ಹಾಡು’. ಆಡು ಎಂದರೆ ಮೇಕೆ, ಆಡು ಎಂದರೆ ‘ಆಟವಾಡು’. ಪ್ರತ್ಯಯ ಹತ್ತುವ ಮುಂಚೆ, ಆ ಒಂದು ಗಳಿಗೆ ಮಾತ್ರ, ಎರಡೂ ಒಂದೇ ಬಾಗಿಲಲ್ಲಿ ನಿಂತಿರುತ್ತವೆ. ಶ್ಲೇಷೆಗಾರ ಅಲ್ಲೇ ಹಿಡಿಯಬೇಕು. ನಮ್ಮ ಅಂಕಿಗಳಲ್ಲಿ ಕೆಲವು ಹೀಗೇ ಇವೆ. ಇದನ್ನು ಆಗ ನಾವು ಬಹಳ ಖುಷಿಯಿಂದ ಮಾತಾಡಿಕೊಂಡಿದ್ದೆವು.

ರುದ್ರಣ್ಣನ ಹೆಂಡತಿ ಗಿರಿಜಕ್ಕ ಇದೊಂದಕ್ಕೂ ನಗುತ್ತಿರಲಿಲ್ಲ. ಕಳಸದ ಕಡೆಯವರು, ಕಡಿಮೆ ಮಾತು. ಅಂಗಡಿಯ ಹಿಂದೆಯೇ ಮನೆ. ಮಕ್ಕಳಿರಲಿಲ್ಲ. ಗಂಡ ಏನಾದರೂ ಹೇಳಿ ಮುಖ ನೋಡಿದರೆ, “ಇವ್ರು ಎಂತದೋ ಅಂತಾರೆ, ನಂಗೆ ಒಲೆ ಮೇಲೆ ಹಾಲಿದೆ” ಎಂದು ಒಳಗೆ ಹೋಗುವರು. ಅದನ್ನು ಅವರು ಸಿಟ್ಟಿನಿಂದ ಹೇಳುತ್ತಿರಲಿಲ್ಲ. ಹಾಲು ನಿಜವಾಗಿಯೂ ಒಲೆಯ ಮೇಲೆ ಇರುತ್ತಿತ್ತು. “ನಮ್ಮವಳು ಒಂದೇ ಅರ್ಥದ ಹೆಂಗಸು” ಎಂದು ರುದ್ರಣ್ಣ ಹೇಳುವಾಗ ಅದರಲ್ಲಿ ತಮಾಷೆಗಿಂತ ಹೆಮ್ಮೆಯೇ ಹೆಚ್ಚಿದ್ದಂತೆ ನನಗೆ ಕಾಣುತ್ತಿತ್ತು. ದಿನವಿಡೀ ಮಾತನ್ನು ಮಗುಚಿಹಾಕುವವನಿಗೆ ರಾತ್ರಿ ಊಟಕ್ಕೆ ಕೂರಲು ಒಂದು ನೆಟ್ಟಗಿನ ಜಾಗ ಬೇಕಾಗುತ್ತದೋ ಏನೋ.

ಒಂದು ವರ್ಷ ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ರುದ್ರಣ್ಣನಿಗೆ ಊಟ ಸೇರದಾಯಿತು. ಗ್ಯಾಸು ಅಂದುಕೊಂಡರು, ಕಷಾಯ ಕುಡಿದರು. ಅಂಗಿ ಸಡಿಲವಾಯಿತು. ಮೂಡಿಗೆರೆಯ ಡಾಕ್ಟರು ಮಂಗಳೂರಿಗೆ ಹೋಗಿ ಎಂದರು. ಅಂಗಡಿಯನ್ನು ಗಿರಿಜಕ್ಕ ನೋಡಿಕೊಳ್ಳುವುದು, ಜೊತೆಗೆ ನಾನು ಹೋಗುವುದು ಎಂದಾಯಿತು. ಅಲ್ಲಿ ಹೊಟ್ಟೆಯೊಳಗೆ ನಳಿಗೆ ಬಿಟ್ಟು ನೋಡಿದರು, ಸ್ಕ್ಯಾನ್ ಮಾಡಿದರು, ಮತ್ತೆ ಬರಹೇಳಿದರು. ಎರಡನೆಯ ಸಲ ಹೋದಾಗ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ, ಮುಚ್ಚುಮರೆ ಮಾಡದೆ ಹೇಳಿದರು. ಹೊಟ್ಟೆಯಲ್ಲಿ ಹುಟ್ಟಿದ್ದು ಲಿವರಿಗೂ ಹರಡಿದೆ, ಆಪರೇಷನ್ ಮಾಡಿ ಪ್ರಯೋಜನವಿಲ್ಲ, ನೋವಿಗೆ ಔಷಧ ಕೊಡಬಹುದು, ಆರು ತಿಂಗಳು.

ಚಾರ್ಮಾಡಿ ಘಾಟಿ ಹತ್ತುವಾಗ ಬಸ್ಸಿನಲ್ಲಿ ನಾನು ಕಿಟಕಿಯಿಂದ ಆಚೆ ನೋಡುತ್ತ ಕೂತಿದ್ದೆ. ರುದ್ರಣ್ಣನೇ ಮಾತು ತೆಗೆದರು.

“ಅರೇಬಿಕಾ ಗಿಡಕ್ಕೆ ಕಾಂಡಕೊರಕ ಬರ್ತದಲ್ಲ ಮೇಷ್ಟ್ರೇ, ಹೊರಗಿಂದ ಗಿಡ ಚೆನ್ನಾಗೇ ಇರ್ತದೆ. ಎಲೆ ಹಳದಿಗೆ ತಿರುಗೋ ಹೊತ್ತಿಗೆ ಒಳಗೆ ಪೂರ್ತಿ ಕೊರೆದಿರ್ತದೆ. ಇಷ್ಟು ವರ್ಷ ಊರವ್ರ ಹೆಸರೆಲ್ಲ ನಾನು ಕೊರೆದೆ. ಈಗ ಅದು ನನ್ನ ಕೊರೀತಾ ಇದೆ.”

ನಗಬೇಕೆಂದು ಹೇಳಿದರೋ, ನಗಬಾರದೆಂದು ಹೇಳಿದರೋ ತಿಳಿಯಲಿಲ್ಲ. ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಾಗ ಇಬ್ಬರೂ ಕಾಫಿ ಕುಡಿಯಲು ಇಳಿದೆವು. ಅವರು ಲೋಟವನ್ನು ಕೈಯಲ್ಲಿ ಹಿಡಿದುಕೊಂಡಿದ್ದರು ಅಷ್ಟೇ, ಕುಡಿಯಲಿಲ್ಲ. “ಗಿರಿಜಂಗೆ ನಾನೇ ಹೇಳ್ತೀನಿ. ನೀವು ಬಾಯಿ ಬಿಡ್ಬೇಡಿ” ಎಂದರು. ಆಗಲಿ ಎಂದೆ.

ಮನೆ ಮುಟ್ಟಿದಾಗ ಗಿರಿಜಕ್ಕ ಅಂಗಡಿಯ ಬಾಗಿಲಲ್ಲೇ ನಿಂತಿದ್ದರು. ಚೀಲ ತೆಗೆದುಕೊಂಡು, “ಡಾಕ್ಟ್ರು ಏನಂದ್ರು?” ಎಂದು ಕೇಳಿದರು.

“ಆರು ಅಂದ್ರು.”

“ಆರು ತಿಂಗ್ಳು ಔಷಧಿ ತಗೋಬೇಕಂತಾ?”

“ಏಳು ಅನ್ನಲಿಲ್ಲ ಕಣೇ.”

“ಸದ್ಯ. ಒಂದು ತಿಂಗ್ಳಾದ್ರೂ ಕಮ್ಮಿ ಆಯ್ತಲ್ಲ” ಎಂದು ಗಿರಿಜಕ್ಕ ಚೀಲ ಹೊತ್ತು ಒಳಗೆ ಹೋದರು.

ನಾನು ಗೋಡೆಗೆ ತೂಗುಹಾಕಿದ್ದ ಜಾಲರಿಗಳನ್ನು ನೋಡುತ್ತ ನಿಂತೆ. ಕನ್ನಡ ಮೇಷ್ಟ್ರಾಗಿ ನಾನು ಒಪ್ಪಲೇಬೇಕು, ಅದಕ್ಕಿಂತ ಪರಿಶುದ್ಧವಾದ ಅಭಂಗ ಶ್ಲೇಷೆಯನ್ನು ನಾನು ಕೇಳಿಲ್ಲ. ಆರು ಎಂದರೆ ಐದರ ಮುಂದಿನ ಅಂಕಿ. ಆರು ಎಂದರೆ ದೀಪಕ್ಕೆ ಹೇಳುವ ಮಾತು, ‘ನಂದಿಹೋಗು’. ಏಳು ಎಂದರೆ ಅದರ ಮುಂದಿನ ಅಂಕಿ. ಏಳು ಎಂದರೆ ಮಲಗಿದವನಿಗೆ ಹೇಳುವ ಮಾತು. ಒಂದು ಪ್ರತ್ಯಯ ಇಲ್ಲ, ಒಂದು ಅಕ್ಷರ ಹೆಚ್ಚಿಲ್ಲ. ಎರಡು ಪದಗಳೂ ಬರಿಮೈಯಲ್ಲಿ ನಿಂತು, ಕೇಳುವವರ ಕಿವಿಗೆ ಲೆಕ್ಕ ಹೇಳುತ್ತ, ಹೇಳುವವನ ಬಾಯಲ್ಲಿ ಸಾವು ಹೇಳುತ್ತಿದ್ದವು. ಅಂಕಿಗಳ ಬಗ್ಗೆ ನಾವಿಬ್ಬರೂ ಖುಷಿಪಟ್ಟಿದ್ದೆವು ಎಂದೆನಲ್ಲ, ಆ ಖುಷಿಯ ಮೇಲೆ ನನಗೆ ಅವತ್ತು ಹೇಸಿಗೆಯಾಯಿತು.

ಹೇಳುತ್ತೇನೆ ಎಂದಿದ್ದರಲ್ಲ, ಅವರ ಲೆಕ್ಕದಲ್ಲಿ ಹೇಳಿದ್ದರು. ಸುಳ್ಳಾಡಿರಲಿಲ್ಲ. ಶ್ಲೇಷೆಯ ದೊಡ್ಡ ಅನುಕೂಲವೇ ಅದು. ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಉಳಿಯಿತು. ಆಮೇಲೆ ದಿನವೂ ಅದೇ ನಡೆಯಿತು. ಗಿರಿಜಕ್ಕ ಬೇಸಿಗೆ ಮುಗಿಯುವುದರೊಳಗೆ ಗಂಡನನ್ನು ಕಳಸಕ್ಕೆ ಕರೆದುಕೊಂಡು ಹೋಗಿ ದೇವರಿಗೆ ಪೂಜೆ ಕೊಡಿಸಿ, ಹಾಗೇ ತವರಿನಲ್ಲಿ ಎರಡು ದಿನ ಇದ್ದು ಬಂದರು. ಅವರ ತವರು ಭದ್ರೆಯ ಆಚೆ ದಡ. ನೀರು ಇಳಿದಿದ್ದರಿಂದ ಬಂಡೆಗಳ ಮೇಲೆ ಕಾಲಿಟ್ಟು ದಾಟಿದರಂತೆ. ನಡುವೆ ಒಂದು ಕಡೆ ನಿಂತು ರುದ್ರಣ್ಣ, “ಗಿರಿಜಾ, ತೀರ ಹತ್ತಿರ ಬಂತು” ಎಂದರಂತೆ. ತೀರ ಎಂದರೆ ದಡ. ತೀರ ಎಂದರೆ ಬಹಳ. “ಅದಕ್ಕೆ ಏನಂದ್ಲು ಗೊತ್ತಾ? ಹೌದು, ಪಾಚಿ ಇದೆ, ನೋಡ್ಕೊಂಡು ಕಾಲಿಡಿ ಅಂದ್ಲು.”

ಅಂಗಡಿಯಲ್ಲಿ ಕೂತು ಇದನ್ನು ನನಗೆ ಹೇಳಿ ಅವರು ಸ್ವಲ್ಪ ನಕ್ಕರು. ನಗುವಾಗ ಹೊಟ್ಟೆಯನ್ನು ಅಂಗೈಯಿಂದ ಒತ್ತಿ ಹಿಡಿದುಕೊಳ್ಳುತ್ತಿದ್ದರು. ಕಣ್ಣು ಆಗಲೇ ಅರಿಸಿನ ಬಣ್ಣಕ್ಕೆ ತಿರುಗಿತ್ತು. ಹೊರಗೆ ಹೂಮಳೆ ಬಂದುಹೋಗಿ, ತೋಟಗಳ ಕಡೆಯಿಂದ ಕಾಫಿ ಹೂವಿನ ವಾಸನೆ ಪೇಟೆಗೂ ಬರುತ್ತಿತ್ತು. ಆ ವಾಸನೆ ಅವರಿಗೆ ವಾಕರಿಕೆ ತರಿಸುತ್ತದೆಂದು ಅರ್ಧ ಬಾಗಿಲು ಹಾಕಿದ್ದರು. ನನಗೆ ಸಿಟ್ಟು ಬಂತು. ಸಾಯುವವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ. ಬಂದರೆ ಏನು ಮಾಡುವುದು?

“ರುದ್ರಣ್ಣ, ಅಕ್ಕ ದಡ್ಡಿ ಅಲ್ಲ” ಎಂದೆ. “ಇವತ್ತು ಅರ್ಥ ಆಗ್ಲಿಲ್ಲ ಅಷ್ಟೇ. ನೀವು ಹೋದ್ಮೇಲೆ ಒಬ್ರೇ ಕೂತು ನೆನೆಸ್ಕೊಳ್ತಾರೆ. ಆರು ಅಂದಿದ್ದೇನು, ತೀರ ಹತ್ತಿರ ಅಂದಿದ್ದೇನು ಅಂತ. ಒಂದೊಂದೇ ಮಾತು ಬಿಚ್ಕೊಳ್ತದೆ. ಸದ್ಯ ಒಂದು ತಿಂಗ್ಳು ಕಮ್ಮಿ ಅಂದೆನಲ್ಲಾ ಅಂತ ಜೀವಮಾನ ಪೂರ್ತಿ ಬೇಯ್ತಾರೆ. ಆಗ ಸಮಾಧಾನ ಹೇಳೋಕೆ ನೀವಿರಲ್ಲ.”

ಯಾರದೋ ಗೃಹಪ್ರವೇಶದ ತಟ್ಟೆಗಳು ಎದುರಿಗೆ ಸಾಲಾಗಿದ್ದವು. ರುದ್ರಣ್ಣ ಪೆನ್ನಿನ ಸ್ವಿಚ್ಚು ಹಾಕಿದರು, ಗುರ್ರ್ ಎಂದಿತು, ಆರಿಸಿದರು.

“ಹೇಳೋಕೆ ಹೋಗ್ತೀನಿ ಮಾರಾಯ್ರೇ. ಬಾಯಿ ತೆಗೆದ ಕೂಡ್ಲೇ ಮಾತು ಎರಡಾಗ್ಬಿಡ್ತದೆ. ನಾನು ಬೇಕಂತ ಮಾಡ್ತಿಲ್ಲ” ಎಂದರು. “ನಾಳೆ ಬೆಳಿಗ್ಗೆ ತಿಂಡಿಗೆ ಬನ್ನಿ. ನೀವು ಎದುರಿಗಿದ್ರೆ ಹೇಳ್ತೀನಿ.”

ನಾನು ಹೋದೆ. ಗಿರಿಜಕ್ಕ ಕಡುಬು ಕೊಟ್ಟರು. ಅವರು ನನಗೆ ಬೆನ್ನು ಮಾಡಿ, ಗಂಡನ ಕಡೆ ಮುಖ ಮಾಡಿ ನೆಲದ ಮೇಲೆ ಕೂತು ಮೆಟ್ಟುಗತ್ತಿಯಲ್ಲಿ ಬೀನ್ಸ್ ಹೆಚ್ಚುತ್ತಿದ್ದರು. ರುದ್ರಣ್ಣ ಗೋಡೆಗೆ ಒರಗಿ ಬೆಂಚಿನ ಮೇಲೆ ಕೂತಿದ್ದರು.

“ಗಿರಿಜಾ, ನಂಗೆ ಇದು ವಾಸಿ...” ಎಂದು ನಿಲ್ಲಿಸಿದರು.

ವಾಸಿ ಎಂದರೆ ಗುಣವಾಗುವುದು. ವಾಸಿ ಎಂದರೆ ಒಂದು ಕಡೆ ವಾಸಿಸುವವನು. ನನ್ನ ತಲೆಗೆ ಹೊಳೆದದ್ದು ಅವರಿಗೂ ಹೊಳೆದಿರಬೇಕು. ಮುಖ ಕಿವುಚಿ ಪದ ಬದಲಾಯಿಸಿದರು. “ಗುಣ...” ಎಂದರು. ಅದಕ್ಕೂ ಎರಡು ಅರ್ಥ, ರೋಗದ್ದು ಒಂದು, ನಡತೆಯದು ಒಂದು. ಮತ್ತೆ ನಿಲ್ಲಿಸಿದರು. “ನಾನು ಹೊರಟೆ ಕಣೇ” ಎಂದರು. ಎಲ್ಲಿಗೆ ಎಂದು ಕೇಳುವ ಹಾಗೆ ಗಿರಿಜಕ್ಕ ತಲೆ ಎತ್ತಿದರು. ರುದ್ರಣ್ಣ ತಲೆ ಅಲ್ಲಾಡಿಸಿದರು. ಜೀವನವಿಡೀ ಎರಡರ್ಥದ ಪದ ಹುಡುಕಿದ ಮನುಷ್ಯ ಒಂದೇ ಅರ್ಥದ ಒಂದು ಪದಕ್ಕಾಗಿ ಬೆವರುತ್ತಿದ್ದುದನ್ನು ನಾನು ತಟ್ಟೆ ಹಿಡಿದುಕೊಂಡು ನೋಡುತ್ತಿದ್ದೆ. ನಮ್ಮ ಭಾಷೆ ಎಷ್ಟು ಶ್ರೀಮಂತ ಎಂದು ಸಭೆಗಳಲ್ಲಿ ಹೇಳುತ್ತಿರುತ್ತೇನೆ. ಆ ಹೊತ್ತಿನಲ್ಲಿ ಅದು ಒಂದಿಷ್ಟು ಬಡವಾಗಿದ್ದರೆ ಚೆನ್ನಾಗಿತ್ತು ಅನಿಸಿತು.

“ನಾನು ಸಾಯ್ತೀನಿ ಗಿರಿಜಾ” ಎಂದರು ರುದ್ರಣ್ಣ. “ಮಳೆಗಾಲ ದಾಟಲ್ಲ ಅಂದಿದ್ದಾರೆ. ಅವತ್ತು ಆರು ಅಂದಿದ್ದು ಅದನ್ನೇ.”

ಸಾಯುತ್ತೇನೆ ಎಂಬ ಮಾತನ್ನು ಆಮೇಲೆ ನಾನು ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಅದಕ್ಕೆ ಬೇರೆ ಅರ್ಥವಿಲ್ಲ.

ಬೀನ್ಸ್ ಹೆಚ್ಚುವ ಸದ್ದು ನಿಂತಿತು. ಗಿರಿಜಕ್ಕ ಅಳಲಿಲ್ಲ, ಕೂಗಲಿಲ್ಲ. ನನಗೆ ಕಾಣುತ್ತಿದ್ದದ್ದು ಅವರ ಬೆನ್ನು, ಅದು ಅಲುಗಲಿಲ್ಲ. ರುದ್ರಣ್ಣನಿಗೆ ಹೇಳಿ ಮುಗಿಸಿದ್ದೇ ಸಾಕಾಗಿತ್ತು, ಎದುರಿಗಿದ್ದ ಮೌನ ತಡೆಯಲಾಗಲಿಲ್ಲ. ಗೋಡೆ ಹಿಡಿದು ಎದ್ದು, “ಅಂಗಡಿ ಬಾಗ್ಲು ತೆಗೀಬೇಕು” ಎಂದು ಗೊಣಗುತ್ತ ಹೊಸಿಲ ಕಡೆ ಹೊರಟರು. ಒಂದು ಕಾಲಿಗೆ ಚಪ್ಪಲಿ ಹಾಕಿಯಾಗಿತ್ತು.

“ತಾಳಿ” ಎಂದರು ಗಿರಿಜಕ್ಕ.

ಅಷ್ಟೇ. ಒಂದು ಮಾತು, ಎತ್ತರದ ದನಿಯೂ ಅಲ್ಲ. ರುದ್ರಣ್ಣ ನಿಂತರು, ತಿರುಗಿದರು. ಹೆಂಡತಿಯನ್ನೇ ನೋಡಿದರು. ಗಿರಿಜಕ್ಕನ ಕೈ ಆಗ ಬೀನ್ಸಿನ ಮೇಲಿತ್ತೋ, ಕೊರಳ ಹತ್ತಿರ ಹೋಗಿತ್ತೋ, ಹಿಂದೆ ಕೂತಿದ್ದ ನನಗೆ ಕಾಣುವಂತಿರಲಿಲ್ಲ. ರುದ್ರಣ್ಣನಿಗೆ ಕಂಡಿರಬೇಕು. ಅವರ ಮುಖ ಮೊದಲು ನಗುವವರ ಮುಖದಂತೆ ಅಗಲವಾಯಿತು. ಇಷ್ಟು ವರ್ಷ ಕಾದರೂ ಸಿಗದಿದ್ದದ್ದು ಸಿಕ್ಕಿದವರ ಹಾಗೆ ಬಾಯಿ ತೆರೆದರು. ಆಮೇಲೆ ಹೊಸಿಲ ಮೇಲೆ ಕುಸಿದು ಕೂತು ಗಟ್ಟಿಯಾಗಿ ಅತ್ತರು. ಗಿರಿಜಕ್ಕ ಎದ್ದು ಹೋಗಿ ಅವರ ಕಾಲಿನ ಚಪ್ಪಲಿ ತೆಗೆದು ಪಕ್ಕಕ್ಕಿಟ್ಟು, ಅಲ್ಲೇ ಕೂತರು. ನಾನು ಹಿತ್ತಿಲ ಬಾಗಿಲಿನಿಂದ ಹೊರಗೆ ಬಂದೆ. ಅವತ್ತು ಅಂಗಡಿ ತೆಗೆಯಲಿಲ್ಲ.

ಆಮೇಲೆ ಆ ಮನೆಯಲ್ಲಿ ಮಾತು ನೆಟ್ಟಗಾಯಿತು. ಎಲ್ಲಿ ನೋವು, ಎಷ್ಟು ನೋವು, ಏನು ಬೇಕು, ಯಾರನ್ನು ನೋಡಬೇಕು, ಎಲ್ಲವನ್ನೂ ಗಿರಿಜಕ್ಕ ಕೇಳಿದರು, ರುದ್ರಣ್ಣ ಹೇಳಿದರು. ಕೊನೆಯ ದಿನಗಳಲ್ಲಿ ಅವರ ಮೈಯಲ್ಲಿ ಏನೂ ಉಳಿದಿರಲಿಲ್ಲ, ಶ್ಲೇಷೆಯೂ ಉಳಿದಿರಲಿಲ್ಲ. ನೀರು ಎಂದರೆ ನೀರು, ಸಾಕು ಎಂದರೆ ಸಾಕು. ಮಳೆ ಹಿಡಿಯುವ ಹೊತ್ತಿಗೆ ಹೋದರು. ಡಾಕ್ಟರು ಹೇಳಿದಷ್ಟು ಕೂಡ ಸಿಗಲಿಲ್ಲ.

ಇಷ್ಟರಲ್ಲಿ ನಾನು ಸುಮ್ಮನಿರಬೇಕಿತ್ತು. ಆದರೆ ಮೇಷ್ಟ್ರ ಜಾತಿ. ಹೆಣದ ಮುಂದೆ ಕೂತಿದ್ದಾಗಲೂ ನನ್ನ ತಲೆಯಲ್ಲಿ ಆ ಒಂದು ಪದ ಸುತ್ತುತ್ತಿತ್ತು. ತಾಳು ಎಂಬ ಧಾತುವಿಗೆ ಮರ್ಯಾದೆಯ ಆಜ್ಞೆ, ‘ತಾಳಿ’. ಸ್ವಲ್ಪ ಇರಿ ಎಂದೂ ಆಗುತ್ತದೆ, ಸಹಿಸಿಕೊಳ್ಳಿ ಎಂದೂ ಆಗುತ್ತದೆ. ಇನ್ನೊಂದು ತಾಳಿ, ಮದುವೆಯ ದಿನ ಗಂಡ ಕಟ್ಟಿದ್ದು, ಅವನು ಹೋದ ದಿನ ತೆಗೆಯುವಂಥದ್ದು. ‘ನೀವು ಹೊರಟರೆ ಇದರ ಗತಿಯೇನು’ ಎಂಬುದನ್ನು ಅದಕ್ಕಿಂತ ಚಿಕ್ಕದಾಗಿ ಹೇಳುವುದು ಯಾರಿಂದಲೂ ಸಾಧ್ಯವಿಲ್ಲ. ಆದರೆ ಅವರು ಹಾಗೆ ಹೇಳಿದರೇ? ಅಥವಾ ಹೊರಟವರನ್ನು ಸುಮ್ಮನೆ ನಿಲ್ಲಿಸಿದರೇ? ಹೇಳಿದವರ ಮನಸ್ಸಿನಲ್ಲಿ ಒಂದೇ ಅರ್ಥವಿದ್ದು, ಕೇಳಿದವರ ಕಿವಿಯಲ್ಲಿ ಎರಡಾದರೆ ಅದನ್ನು ಶ್ಲೇಷೆ ಎನ್ನಬಹುದೇ?

ಹಳೆಯ ಆಲಂಕಾರಿಕರು ಶಬ್ದಶ್ಲೇಷೆಗೆ ಒಂದು ಪರೀಕ್ಷೆ ಹೇಳಿದ್ದಾರೆ. ಆ ಪದವನ್ನು ತೆಗೆದು, ಅದೇ ಅರ್ಥದ ಇನ್ನೊಂದು ಪದ ಇಟ್ಟು ನೋಡು. ಚಮತ್ಕಾರ ಸತ್ತುಹೋದರೆ ಅದು ಶಬ್ದದ ಶ್ಲೇಷೆ. ಇಟ್ಟು ನೋಡಿದೆ. ಗಿರಿಜಕ್ಕ ಯಾರನ್ನಾದರೂ ನಿಲ್ಲಿಸುವಾಗ ಹೇಳುವುದು ‘ತಡೀರಿ’. ಅಂಗಡಿಯಲ್ಲಿ, ಅಡುಗೆಮನೆಯಲ್ಲಿ, ಬಸ್ಸಿಗೆ ಹತ್ತುವಾಗ, ನನಗೆ ಗೊತ್ತಿರುವಷ್ಟು ವರ್ಷ ಅವರ ಬಾಯಲ್ಲಿ ಕೇಳಿದ್ದು ಅದೊಂದೇ. ತಡೀರಿ ಎಂದಿದ್ದರೆ ರುದ್ರಣ್ಣ ನಿಲ್ಲುತ್ತಿದ್ದರು, ಅಷ್ಟೇ. ಆ ಬೆಳಿಗ್ಗೆ ಮಾತ್ರ ಅವರು ತಮ್ಮದಲ್ಲದ ಒಂದು ಪದವನ್ನು ಎಲ್ಲಿಂದಲೋ ಎತ್ತಿಕೊಂಡರು. ಹಾಗಿದ್ದರೆ ಒಲೆಯ ಮೇಲಿನ ಹಾಲು ನೋಡಲು ಒಳಗೆ ಹೋಗುತ್ತಿದ್ದ ಈ ಹೆಂಗಸು ಅಷ್ಟು ವರ್ಷ ಕೇಳಿಸಿಕೊಂಡದ್ದೇನು? ‘ಆರು’ ಎಂದು ಕೇಳಿದ ದಿನವೇ ಎಲ್ಲ ತಿಳಿದಿತ್ತೋ? ತಿಳಿದೂ ಗಂಡ ನೆಟ್ಟಗೆ ಹೇಳುವ ತನಕ ಕಾದರೋ? ಅಥವಾ ಅಷ್ಟು ದುಃಖ ಒಟ್ಟಿಗೆ ಬಿದ್ದಾಗ ನಾಲಿಗೆ ದಿಕ್ಕು ತಪ್ಪಿ ಸಿಕ್ಕಿದ ಪದ ಹಿಡಿಯಿತೋ?

ಈಗ ಅಂಗಡಿಯನ್ನು ಗಿರಿಜಕ್ಕ ನಡೆಸುತ್ತಾರೆ. ಕೊರಳಲ್ಲಿ ಲಿಂಗದ ಶಿವದಾರ ಒಂದೇ. ಶಾಲೆ ಬಿಟ್ಟ ಮೇಲೆ ನಾನು ಒಮ್ಮೊಮ್ಮೆ ಹೋಗಿ ಅದೇ ಸ್ಟೂಲಿನ ಮೇಲೆ ಕೂರುತ್ತೇನೆ. ಒಂದು ದಿನ ಕೇಳಿಯೇಬಿಡೋಣ ಎಂದು, “ಅಕ್ಕ, ಅವತ್ತು ಬೆಳಿಗ್ಗೆ ನೀವು...” ಎಂದು ಶುರುಮಾಡಿದೆ. ಅವರು ಲೋಟ ಒರೆಸುವುದನ್ನು ನಿಲ್ಲಿಸಿ, “ಏನು ಮೇಷ್ಟ್ರೇ?” ಎಂದು ನನ್ನನ್ನು ನೋಡಿದರು. ಕೇಳಿದರೆ ಹೌದು ಎನ್ನಬೇಕು, ಇಲ್ಲವೇ ಇಲ್ಲ ಎನ್ನಬೇಕು. ಏನೆಂದರೂ ಆ ಎರಡು ಅರ್ಥಗಳಲ್ಲಿ ಒಂದು ಸಾಯಬೇಕು. ಆ ಮನೆಯಲ್ಲಿ ಆಗಲೇ ಒಂದು ಸಾವಾಗಿದೆ.

“ಏನಿಲ್ಲ ಅಕ್ಕ” ಎಂದೆ.